ಕ್ರಿಕೆಟ್ ಪಂದ್ಯಾಟದ ಬಜೆಟ್: ಯುವಕ ಮಂಡಲದ ಅಧ್ಯಕ್ಷರು ಸಭೆಯಲ್ಲಿ ಏನು ಹೇಳಬೇಕು, ಹೇಗೆ ಹೇಳಬೇಕು

ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಕೊಯ್ದು ಗದ್ದೆ ಖಾಲಿಯಾಗುತ್ತಿದ್ದಂತೆ ಉಡುಪಿ, ಮಂಗಳೂರು ಕಡೆಯ ಯುವಕ ಮಂಡಲಗಳಿಂದ ಒಂದೇ ಪ್ರಶ್ನೆ ಬರುತ್ತದೆ. "ಪಂದ್ಯಾಟ ಮಾಡುವುದೆಂದು ನಿಶ್ಚಯಿಸಿದ್ದೇವೆ. ಬರುವ ಭಾನುವಾರ ಸಭೆ. ಬಜೆಟ್ ಮಂಡಿಸಿ ಮಾತಾಡಬೇಕು. ಹೇಗೆ ಮಾತಾಡುವುದು?" ಕೇಳುವವರು ಹೆಚ್ಚಾಗಿ ಹೊಸ ಅಧ್ಯಕ್ಷರು. ಮೈದಾನದ ಕೆಲಸ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಮೈಕ್ ಹಿಡಿದು ಊರಿನ ಹಿರಿಯರ ಎದುರು ಲೆಕ್ಕ ಹೇಳುವಾಗ ಗಂಟಲು ಒಣಗುತ್ತದೆ.

ನಾನು ಹಲವು ವರ್ಷ ಮಂಡಲದ ಲೆಕ್ಕ ಬರೆದವನು. ನನಗೆ ಕಂಡದ್ದು ಇಷ್ಟು: ಖರ್ಚು ಹೆಚ್ಚಾಯಿತೆಂದು ಪಂದ್ಯಾಟ ಸೋಲುವುದು ಕಡಿಮೆ. ಬರುತ್ತದೆ ಎಂದು ಬರೆದ ದುಡ್ಡು ಬಾರದೆ ಸೋಲುವುದೇ ಹೆಚ್ಚು. ಹಾಗಾಗಿ ನಿಮ್ಮ ಭಾಷಣದಲ್ಲಿ ಸಭೆಗೆ ಮುಖ್ಯವಾಗಿ ತಿಳಿಯಬೇಕಾದದ್ದು ಯಾವ ದುಡ್ಡು ಕೈಗೆ ಬಂದಿದೆ, ಯಾವುದು ಇನ್ನೂ ಬಾಯಿಮಾತಿನಲ್ಲಿದೆ ಎಂಬುದು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ.

ಉದಾಹರಣೆಗೆ ಒಂದು ಸಣ್ಣ ಪಂದ್ಯಾಟ ಇಟ್ಟುಕೊಳ್ಳೋಣ. ಟೆನಿಸ್ ಚೆಂಡು, ಹನ್ನೊಂದು ಜನರ ತಂಡ, 5 ಓವರ್, ನಾಕೌಟ್, ಶನಿವಾರ ಮತ್ತು ಭಾನುವಾರ. ಮೊತ್ತಗಳು ಲೆಕ್ಕದ ದಾರಿ ತೋರಿಸಲು ಮಾತ್ರ. ನಿಮ್ಮ ಊರಿನ ದರ ನೀವೇ ಕೇಳಿ ಬರೆಯಿರಿ.

ಸಭೆಗೆ ಮೊದಲು ಕೈಯಲ್ಲಿರಬೇಕಾದದ್ದು

ಶಾಮಿಯಾನದವರು, ಸೌಂಡ್ಸ್‌ನವರು, ಟ್ರೋಫಿ ಅಂಗಡಿಯವರು ಬರೆದುಕೊಟ್ಟ ದರ. ಗದ್ದೆಯ ಧನಿಗಳ ಒಪ್ಪಿಗೆ. ಶಾಲೆಯ ಮೈದಾನವಾದರೆ ಶಾಲೆಯವರ ಒಪ್ಪಿಗೆ ಪತ್ರ. ಕಳೆದ ಸಲದ ಜಮಾ-ಖರ್ಚಿನ ಪ್ರತಿ. ಮಂಡಲದ ಬ್ಯಾಂಕ್ ಪಾಸ್‌ಪುಸ್ತಕ. ಕಳೆದ ಸಲದ ಲೆಕ್ಕ ಇನ್ನೂ ಸಭೆಗೆ ಒಪ್ಪಿಸಿಲ್ಲವಾದರೆ ಹೊಸ ಬಜೆಟ್ ಓದಲು ಹೋಗಲೇಬೇಡಿ. ಮೊದಲು ಅದನ್ನು ಮುಗಿಸಿ. ಯಾರಾದರೊಬ್ಬ ಹಿರಿಯರು ಎದ್ದುನಿಂತು ಅದನ್ನೇ ಕೇಳುತ್ತಾರೆ, ಆಮೇಲೆ ನೀವು ಏನು ಹೇಳಿದರೂ ಯಾರ ಕಿವಿಗೂ ಬೀಳುವುದಿಲ್ಲ.

1. ದಿನ ನಿಶ್ಚಯಿಸಿ, ಆಮೇಲೆ ದುಡ್ಡಿನ ಮಾತು

ನಮ್ಮಲ್ಲಿ ನವೆಂಬರ್‌ನಿಂದ ಮೇವರೆಗೆ ವಾರದ ಕೊನೆಯಲ್ಲಿ ಏನಾದರೊಂದು ಇದ್ದೇ ಇರುತ್ತದೆ. ಕಂಬಳ, ನೇಮ, ಯಕ್ಷಗಾನ, ದೇವಸ್ಥಾನದ ಜಾತ್ರೆ, ಮದುವೆ. ಅದೇ ಶಾಮಿಯಾನ, ಅದೇ ಕುರ್ಚಿ, ಅದೇ ಸೌಂಡ್ಸ್ ಎಲ್ಲ ಕಡೆ ಬೇಕು. ಊರಿನ ನೇಮೋತ್ಸವದ ಮರುವಾರ ದೇಣಿಗೆ ಕೇಳಲು ಹೋದರೆ ಕೊಡುವವರ ಕೈ ಆಗಲೇ ಖಾಲಿಯಾಗಿರುತ್ತದೆ. ಮಾರ್ಚ್‌ನಲ್ಲಿ ಮಕ್ಕಳ ಪರೀಕ್ಷೆ, ಮೈಕಿಗೆ ಆಕ್ಷೇಪ ಬರುತ್ತದೆ.

ಗದ್ದೆಯಲ್ಲಿ ಆಡುವುದಾದರೆ ಇನ್ನೊಂದು ಮಾತು. ಕೊಯ್ಲಾದ ಮೇಲೆ ನೆಲದಲ್ಲಿ ಉಳಿದ ತೇವದಲ್ಲೇ ಉದ್ದು ಬಿತ್ತುವವರಿದ್ದಾರೆ, ಸುಗ್ಗಿ ಬೆಳೆ ಮಾಡುವವರಿದ್ದಾರೆ. ಧನಿಗಳು ಈ ವರ್ಷ ಏನು ಮಾಡುತ್ತಾರೆಂದು ಕೇಳಿಯೇ ದಿನ ಇಡಿ. ಕಡಿದ ಹುಣಿ, ಅಂದರೆ ಗದ್ದೆಯ ಬದು, ಪಂದ್ಯಾಟದ ನಂತರ ಮತ್ತೆ ಕಟ್ಟಿಕೊಡುವ ಖರ್ಚೂ ನಿಮ್ಮದೇ. ಇದು ಬಜೆಟ್‌ನಲ್ಲಿ ಬಿಟ್ಟುಹೋಗುತ್ತದೆ. ಮುಂದಿನ ವರ್ಷ ಗದ್ದೆ ಸಿಗದೇ ಇರುವುದು ಹೆಚ್ಚಾಗಿ ಇದೇ ಕಾರಣಕ್ಕೆ.

2. ತಂಡಗಳ ಸಂಖ್ಯೆಯನ್ನು ಗಡಿಯಾರ ನೋಡಿ ನಿಶ್ಚಯಿಸಿ

ಸಭೆಯಲ್ಲಿ ಅತಿ ಹೆಚ್ಚು ಎಡವುವುದು ಇಲ್ಲಿ. "ಹದಿನಾರರ ಬದಲು ಇಪ್ಪತ್ತನಾಲ್ಕು ತಂಡ ತೆಗೆದುಕೊಳ್ಳುವ, ಪ್ರವೇಶ ಶುಲ್ಕ ಜಾಸ್ತಿ ಬರುತ್ತದೆ" ಎಂದು ಒಬ್ಬರು ಹೇಳುತ್ತಾರೆ, ಎಲ್ಲರೂ ಹೌದು ಹೌದು ಎನ್ನುತ್ತಾರೆ. ಉತ್ತರ ನಿಮ್ಮಲ್ಲಿ ಸಿದ್ಧವಿರಬೇಕು.

ನಾಕೌಟ್ ಎಂದರೆ ಸೋತವರು ಮನೆಗೆ. ಪ್ರತಿ ಪಂದ್ಯಕ್ಕೆ ಒಂದು ತಂಡ ಹೊರಗೆ ಹೋಗುವುದರಿಂದ ಪಂದ್ಯಗಳ ಸಂಖ್ಯೆ ಯಾವತ್ತೂ ತಂಡಗಳಿಗಿಂತ ಒಂದು ಕಡಿಮೆ. 16 ತಂಡಕ್ಕೆ 15 ಪಂದ್ಯ, 24 ತಂಡಕ್ಕೆ 23. ಒಂದು ಓವರಿಗೆ 4 ನಿಮಿಷವೆಂದರೂ ಐದೈದು ಓವರಿಗೆ 40 ನಿಮಿಷ; ಟಾಸ್, ತಂಡ ಇಳಿಯುವುದು, ಪೊದೆಗೆ ಹೋದ ಚೆಂಡು ಹುಡುಕುವುದು ಎಲ್ಲ ಸೇರಿ 10 ನಿಮಿಷ. ಒಂದು ಪಂದ್ಯಕ್ಕೆ 50 ನಿಮಿಷ.

ಬೆಳಿಗ್ಗೆ 8.30ರಿಂದ ಸಂಜೆ 6ರವರೆಗೆ ಬೆಳಕಿದೆ. ಉದ್ಘಾಟನೆಗೆ, ಊಟಕ್ಕೆ ಒಂದೂವರೆ ಗಂಟೆ ಬಿಟ್ಟರೆ ಉಳಿಯುವುದು 8 ಗಂಟೆ, ಅಂದರೆ ದಿನಕ್ಕೆ 9 ಪಂದ್ಯ. 16 ತಂಡವಾದರೆ ಮೊದಲ ಸುತ್ತಿನ 8 ಪಂದ್ಯ ಶನಿವಾರ ಮುಗಿಯುತ್ತವೆ. ಭಾನುವಾರಕ್ಕೆ ಕ್ವಾರ್ಟರ್ ಫೈನಲ್ 4, ಸೆಮಿಫೈನಲ್ 2, ಫೈನಲ್ 1, ಒಟ್ಟು 7. ಬಹುಮಾನ ವಿತರಣೆಗೆ ಹಗಲೇ ಉಳಿಯುತ್ತದೆ.

24 ತಂಡವಾದರೆ 23 ಪಂದ್ಯ. ಎರಡು ದಿನದ ಹಗಲಿಗೆ ಹಿಡಿಸುವುದು 18. ಉಳಿದ 5 ಪಂದ್ಯಗಳನ್ನು ಒಂದೇ ರಾತ್ರಿ ಆಡಿಸಿದರೆ, 6 ಗಂಟೆಗೆ ಶುರುಮಾಡಿದರೂ ಮುಗಿಯುವಾಗ 10 ದಾಟುತ್ತದೆ. ಅದಕ್ಕೆ ಹೊನಲು ಬೆಳಕು ಬೇಕು, ಜನರೇಟರ್ ಬೇಕು, ಅಂಪೈರ್‌ಗಳಿಗೆ ರಾತ್ರಿಯ ಸಂಭಾವನೆ ಬೇಕು. 8 ತಂಡ ಹೆಚ್ಚಿಗೆ ಬಂದರೆ 3,000 ರೂಪಾಯಿಯಂತೆ ಸಿಗುವುದು 24,000. ನಮ್ಮ ಉದಾಹರಣೆಯಲ್ಲಿ ಲೈಟ್ ಮತ್ತು ಜನರೇಟರಿಗೇ 30,000 ಎಂದು ದರ ಬಂದಿದೆ. ತಂಡ ಹೆಚ್ಚಿಸಿ 6,000 ಕಳೆದುಕೊಂಡಂತಾಯಿತು, ಚೆಂಡು, ಊಟ, ಸಂಭಾವನೆ ಬೇರೆ. ಈ ಲೆಕ್ಕವನ್ನು ಚಾರ್ಟ್ ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಗಂಟೆಗಟ್ಟಲೆ ಆಗುವ ಚರ್ಚೆ ಐದು ನಿಮಿಷದಲ್ಲಿ ಮುಗಿಯುತ್ತದೆ.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಎಂಬುದು 2000ದ ಶಬ್ದಮಾಲಿನ್ಯ ನಿಯಮ. ಹಗಲಿನಲ್ಲಿಯೂ ಮೈಕಿಗೆ ಠಾಣೆಯಿಂದ ಲಿಖಿತ ಅನುಮತಿ ಬೇಕು. ಹೊನಲು ಬೆಳಕಿನ ಪಂದ್ಯಾಟವನ್ನೇ ಮಾಡುವವರು ಈ 10 ಗಂಟೆಯ ಗೆರೆ ಇಟ್ಟುಕೊಂಡು ಪಂದ್ಯಗಳನ್ನು ಹಿಂದಕ್ಕೆ ಎಣಿಸಿ.

3. ಖರ್ಚನ್ನು ಎರಡು ಗುಂಪಾಗಿ ಬರೆಯಿರಿ

ತಂಡ ಎಷ್ಟೇ ಬರಲಿ ಆಗಿಯೇ ತೀರುವ ಖರ್ಚು ಒಂದು; ತಂಡ ಅಥವಾ ಪಂದ್ಯ ಹೆಚ್ಚಾದಂತೆ ಹೆಚ್ಚುವ ಖರ್ಚು ಇನ್ನೊಂದು. ನಮ್ಮ ಉದಾಹರಣೆಯ 16 ತಂಡದ ಲೆಕ್ಕ ಹೀಗಿದೆ:

ನಗದು ಬಹುಮಾನ (ಪ್ರಥಮ 30,000, ದ್ವಿತೀಯ 20,000) – 50,000
ಟ್ರೋಫಿ, ಸರಣಿ ಶ್ರೇಷ್ಠ, ಉತ್ತಮ ದಾಂಡಿಗ, ಉತ್ತಮ ಎಸೆತಗಾರ – 14,000
ಮೈದಾನ ಸಮತಟ್ಟು, ಪಿಚ್‌ಗೆ ನೀರು ಮತ್ತು ರೋಲರ್, ಸುಣ್ಣದ ಗೆರೆ, ಹುಣಿ ಮತ್ತೆ ಕಟ್ಟುವುದು – 12,000
ಶಾಮಿಯಾನ, ವೇದಿಕೆ, ಕುರ್ಚಿ – 14,000
ಸೌಂಡ್ಸ್ ಮತ್ತು ವೀಕ್ಷಕ ವಿವರಣೆ – 14,000
ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಎರಡು ದಿನ – 9,000
ಚೆಂಡು – 3,000
ಸ್ವಯಂಸೇವಕರ ಚಾ, ತಿಂಡಿ, ಊಟ – 12,000
ಆಮಂತ್ರಣ, ಬಟ್ಟೆಯ ಬ್ಯಾನರ್, ರಶೀದಿ ಪುಸ್ತಕ – 5,000
ಅನುಮತಿ, ಮೆಸ್ಕಾಂನ ತಾತ್ಕಾಲಿಕ ವಿದ್ಯುತ್ ಸಂಪರ್ಕ – 4,000
ಕುಡಿಯುವ ನೀರು, ಪ್ರಥಮ ಚಿಕಿತ್ಸೆ – 3,000
ಅನಿರೀಕ್ಷಿತ – 10,000
ಒಟ್ಟು – 1,50,000

ಬ್ಯಾನರ್ ಬಟ್ಟೆಯದ್ದೇ ಎಂದು ಬರೆದದ್ದಕ್ಕೆ ಕಾರಣವಿದೆ. ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದ ನಿಷೇಧವಿದೆ. ಫ್ಲೆಕ್ಸಿನ ದರ ಹಿಡಿದು ಬಜೆಟ್ ಮಾಡಿದರೆ ಕೊನೆಗೆ ಹೆಚ್ಚು ಕೊಡಬೇಕಾಗುತ್ತದೆ.

ಈಗ ಎರಡು ಗುಂಪುಗಳ ವ್ಯತ್ಯಾಸ ನೋಡಿ. ಪ್ರತಿ ಇನ್ನಿಂಗ್ಸ್‌ಗೆ ಒಂದು ಹೊಸ ಚೆಂಡಿನಂತೆ 15 ಪಂದ್ಯಕ್ಕೆ 30, ಕಳೆದುಹೋಗುವುದಕ್ಕೆ 6. ಒಂದಕ್ಕೆ 80 ರೂಪಾಯಿಯಂತೆ 36 ಚೆಂಡಿಗೆ 2,880. ಅದನ್ನೇ 3,000 ಎಂದು ಬರೆದದ್ದು. ಮೂರು ತಂಡ ಬಾರದಿದ್ದರೆ ಪ್ರವೇಶ ಶುಲ್ಕದಲ್ಲಿ 9,000 ಹೋಯಿತು. ಮೂರು ಪಂದ್ಯದ ಆರು ಚೆಂಡು ಉಳಿಯಿತು, 480 ರೂಪಾಯಿ. ಶಾಮಿಯಾನ ಅಷ್ಟೇ, ಸೌಂಡ್ಸ್ ಅಷ್ಟೇ, ಬಹುಮಾನ ಅಷ್ಟೇ. ತಂಡ ಕಡಿಮೆಯಾದರೆ ಖರ್ಚೂ ಕಡಿಮೆಯಾಗುತ್ತದೆ ಎಂದು ಸಮಾಧಾನ ಹೇಳುವವರಿಗೆ ಈ ಎರಡು ಮೊತ್ತ ಹೇಳಿದರೆ ಸಾಕು.

4. ಆದಾಯವನ್ನು ಮೂರು ಸಾಲಾಗಿ ಬರೆಯಿರಿ

ಇಡೀ ಭಾಷಣದ ಜೀವ ಇಲ್ಲಿದೆ, ದಯವಿಟ್ಟು ಅವಸರ ಮಾಡಬೇಡಿ.

ಸಾಮಾನ್ಯವಾಗಿ ಆದಾಯದ ಪಟ್ಟಿಯಲ್ಲಿ ಎಲ್ಲವನ್ನೂ ಒಂದರ ಕೆಳಗೊಂದು ಬರೆದು ಕೂಡಿಸುತ್ತಾರೆ. ಖರ್ಚು 1,50,000, ಆದಾಯ 1,50,000, ಸರಿಸಮ. ಚಪ್ಪಾಳೆ ಬೀಳುತ್ತದೆ. ಆದರೆ ಆ ಪಟ್ಟಿಯನ್ನೇ ಬಿಡಿಸಿ ಬರೆದು ನೋಡಿ.

ಮೊದಲ ಸಾಲು, ಕೈಗೆ ಬಂದದ್ದು: 40 ಸದಸ್ಯರ 500ರಂತೆ 20,000, ರಶೀದಿ ಹರಿದ ದೇಣಿಗೆ 15,000. ಒಟ್ಟು 35,000.

ಎರಡನೇ ಸಾಲು, ಮಾತು ಕೊಟ್ಟದ್ದು: ಮುಂಬೈಯಲ್ಲಿ ಹೋಟೆಲ್ ಇರುವ ನಮ್ಮೂರಿನವರು ಪ್ರಥಮ ಬಹುಮಾನಕ್ಕೆ ಒಪ್ಪಿದ 30,000, ಇನ್ನೊಬ್ಬರು ಟ್ರೋಫಿಗಳಿಗೆ ಒಪ್ಪಿದ 14,000. ಒಟ್ಟು 44,000.

ಮೂರನೇ ಸಾಲು, ಬರಬಹುದಾದದ್ದು: 16 ತಂಡದ ಪ್ರವೇಶ ಶುಲ್ಕ 48,000, ಇನ್ನು ಮನೆ, ಅಂಗಡಿಗಳಿಗೆ ಹೋಗಿ ಕೇಳಬೇಕಾದದ್ದು 23,000. ಒಟ್ಟು 71,000.

ಕೂಡಿಸಿದರೆ ಮೊತ್ತ ಅದೇ 1,50,000. ಆದರೆ ಪಾಸ್‌ಪುಸ್ತಕದಲ್ಲಿ ಇರುವುದು ಅದರ ಕಾಲಂಶಕ್ಕಿಂತಲೂ ಕಡಿಮೆ. ಸಭೆಗೆ ಇದು ಗೊತ್ತಾಗಬೇಕು. ಗೊತ್ತಾದರೆ ಸಭೆ ನಿಮ್ಮ ಜೊತೆ ನಿಲ್ಲುತ್ತದೆ. ಗೊತ್ತಾಗದೆ ಹೋದರೆ ಕೊನೆಗೆ ಬಿದ್ದ ಕೊರತೆ ಅಧ್ಯಕ್ಷರ, ಕೋಶಾಧಿಕಾರಿಯ ಕಿಸೆಯಿಂದ ಹೋಗುತ್ತದೆ. ಹೀಗೆ ಹೆಂಡತಿಯ ಬಳೆ ಅಡವಿಟ್ಟು ಶಾಮಿಯಾನದವರ ಬಾಕಿ ತೀರಿಸಿದವರನ್ನು ನಾನು ಕಂಡಿದ್ದೇನೆ.

ಮಾತು ಕೊಟ್ಟವರ ಹೆಸರನ್ನು ಸಭೆಯಲ್ಲಿ ಓದುವ ಮೊದಲು ಅವರಿಗೊಂದು ಫೋನ್ ಮಾಡಿ, "ಅಣ್ಣ, ಸಭೆಯಲ್ಲಿ ನಿಮ್ಮ ಹೆಸರು ಹೇಳಬಹುದಾ?" ಎಂದು ಕೇಳಿ. "ಹೇಳು ಮಾರಾಯ, ನಾಳೆಯೇ ಹಾಕುತ್ತೇನೆ" ಎಂದರೆ ದುಡ್ಡು ಬರುತ್ತದೆ. "ಈಗ ಬೇಡ, ಆಮೇಲೆ ನೋಡುವ" ಎಂದರೆ ಆ ಮೊತ್ತವನ್ನು ಮೂರನೇ ಸಾಲಿಗೆ ಇಳಿಸಿ.

5. ನಿಲ್ಲಿಸುವ ದಿನವನ್ನು ಮೊದಲೇ ಗೊತ್ತುಮಾಡಿ

ಆಮಂತ್ರಣದಲ್ಲಿ "ಪ್ರಥಮ ಬಹುಮಾನ ರೂ. 30,000" ಎಂದು ಅಚ್ಚಾದ ಕ್ಷಣದಿಂದ ಅದು ಮಂಡಲದ ಸಾಲ. ಕೊಡುತ್ತೇನೆಂದವರು ಕೊಡದಿದ್ದರೂ ಗೆದ್ದ ತಂಡಕ್ಕೆ ನೀವು ಕೊಡಲೇಬೇಕು. ಆದ್ದರಿಂದ ಅಚ್ಚಿಗೆ ಕೊಡುವ ದಿನವೇ ನಿಮ್ಮ ನಿಲ್ಲಿಸುವ ದಿನ. ಪಂದ್ಯಾಟಕ್ಕೆ ಮೂರು ವಾರ ಮೊದಲು ಇಟ್ಟುಕೊಂಡರೆ ಸಾಕು. ಆ ದಿನದೊಳಗೆ ಎರಡನೇ ಸಾಲಿನ ದುಡ್ಡು ಮೊದಲ ಸಾಲಿಗೆ ಬಾರದಿದ್ದರೆ ಬಹುಮಾನದ ಮೊತ್ತ ಇಳಿಸಿಯೇ ಅಚ್ಚು ಹಾಕಿಸುವುದು ಎಂದು ಸಭೆಯಲ್ಲೇ ನಿರ್ಣಯ ಬರೆಸಿ.

ಪ್ರವೇಶ ಶುಲ್ಕಕ್ಕೂ ಹೀಗೆಯೇ. ಯಾರ ಮೇಲೆ ಯಾರು ಎಂದು ಚೀಟಿ ಎತ್ತುವ ಮೊದಲು ಪೂರ್ತಿ ಶುಲ್ಕ ಬಂದಿರಬೇಕು. "ಬೆಳಿಗ್ಗೆ ಮೈದಾನಕ್ಕೆ ಬಂದು ಕೊಡುತ್ತೇವೆ" ಎಂದ ತಂಡ ಬಾರದಿದ್ದರೆ ಶುಲ್ಕವೂ ಇಲ್ಲ, ಎದುರಾಳಿಗೆ ಆಟವೂ ಇಲ್ಲ.

6. ಭಾಷಣ

ಹತ್ತು ನಿಮಿಷ ಮೀರಬೇಡಿ. ಎಲ್ಲ ಸಾಲುಗಳನ್ನೂ ಓದಬೇಡಿ. ಪಟ್ಟಿ ಎಲ್ಲರ ಕೈಯಲ್ಲಿರಲಿ. ಸಭೆ ತುಳುವಿನಲ್ಲಿ ನಡೆಯುವ ಊರಾದರೆ ತುಳುವಿನಲ್ಲೇ ಮಾತಾಡಿ, ಮೊತ್ತಗಳನ್ನು ಮಾತ್ರ ನಿಧಾನವಾಗಿ ಎರಡು ಸಲ ಹೇಳಿ. ಒಂದು ಮಾದರಿ ಇಲ್ಲಿದೆ. ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ.

"ಗೌರವಾಧ್ಯಕ್ಷರೇ, ಊರಿನ ಹಿರಿಯರೇ, ಅಕ್ಕಂದಿರೇ, ಮಂಡಲದ ಅಣ್ಣ ತಮ್ಮಂದಿರೇ, ನಿಮಗೆಲ್ಲ ನಮಸ್ಕಾರ. ಕಳೆದ ಪಂದ್ಯಾಟದ ಲೆಕ್ಕವನ್ನು ಕಾರ್ಯದರ್ಶಿಗಳು ಈಗಷ್ಟೇ ಓದಿದ್ದಾರೆ, ನೀವು ಒಪ್ಪಿದ್ದೀರಿ. ಈ ವರ್ಷದ ಪಂದ್ಯಾಟ 16 ತಂಡದ್ದು, ಎರಡು ದಿನದ್ದು, ಪೂರ್ತಿ ಹಗಲಿನದ್ದು. ಹೆಚ್ಚು ತಂಡ ಯಾಕೆ ಬೇಡ ಎಂಬ ಲೆಕ್ಕ ಗೋಡೆಯ ಮೇಲಿದೆ.

"ಒಟ್ಟು ಖರ್ಚು ಒಂದೂವರೆ ಲಕ್ಷ. ಅದರಲ್ಲಿ ಬಹುಮಾನ ಮತ್ತು ಟ್ರೋಫಿಗೆ 64,000. ಉಳಿದ 86,000 ಮೈದಾನ, ಶಾಮಿಯಾನ, ಸೌಂಡ್ಸ್, ಅಂಪೈರ್, ಊಟ ಇತ್ಯಾದಿಗಳಿಗೆ. ಅನಿರೀಕ್ಷಿತಕ್ಕೆಂದು ಇಟ್ಟ 10,000 ಅದರಲ್ಲೇ ಸೇರಿದೆ. ಅದನ್ನು ಮುಟ್ಟಬೇಕಾದರೆ ನಾನೊಬ್ಬನೇ ಹೇಳಿದರೆ ಆಗುವುದಿಲ್ಲ, ಕಾರ್ಯದರ್ಶಿ ಮತ್ತು ಕೋಶಾಧಿಕಾರಿ ಇಬ್ಬರ ರುಜು ಬೇಕು.

"ಇನ್ನು ದುಡ್ಡು ಎಲ್ಲಿಂದ? ಇವತ್ತಿಗೆ ನಮ್ಮ ಕೈಯಲ್ಲಿರುವುದು 35,000, ಪಾಸ್‌ಪುಸ್ತಕ ಇಲ್ಲಿದೆ, ಯಾರು ಬೇಕಾದರೂ ನೋಡಬಹುದು. ಮಾತು ಬಂದಿರುವುದು 44,000. ಇನ್ನು ನಾವೆಲ್ಲ ಸೇರಿ ತರಬೇಕಾದದ್ದು 71,000, ಅದರಲ್ಲಿ 48,000 ಪ್ರವೇಶ ಶುಲ್ಕ.

"ಎಲ್ಲ ನಾವು ಎಣಿಸಿದಂತೆಯೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಮೂರು ತಂಡ ಬಾರದಿದ್ದರೆ 9,000 ಕಡಿಮೆ. ಟ್ರೋಫಿಯವರು ತಪ್ಪಿದರೆ 14,000 ಕಡಿಮೆ. ಎರಡೂ ಒಟ್ಟಿಗೆ ಆದರೆ 23,000. ಅನಿರೀಕ್ಷಿತದ 10,000 ಹಾಕಿದರೂ 13,000 ಬೇಕು. ಅದನ್ನು ಹೇಗೆ ತುಂಬುವುದು ಎಂದು ಇವತ್ತೇ ನಿಶ್ಚಯಿಸುವ. ನನ್ನ ಸಲಹೆ ಎರಡು. ದ್ವಿತೀಯ ಬಹುಮಾನ 20,000 ಇದ್ದದ್ದನ್ನು 15,000 ಮಾಡಿಯೇ ಅಚ್ಚು ಹಾಕಿಸುವುದು. ಉಳಿದ 8,000ಕ್ಕೆ ನಾವು 40 ಸದಸ್ಯರು ತಲಾ 200 ಹೆಚ್ಚಿಗೆ ಕೊಡಲು ಸಿದ್ಧರಿರುವುದು, ಬೇಕಾಗದಿದ್ದರೆ ಕೇಳುವುದಿಲ್ಲ. ನಿಮ್ಮ ಅಭಿಪ್ರಾಯ ಹೇಳಿ."

ಮಾದರಿಯಲ್ಲಿ ಒಂದು ವಿಷಯ ಗಮನಿಸಿ. ಕೊರತೆಯ ಮಾತನ್ನು ಅಧ್ಯಕ್ಷರೇ ಎತ್ತಿದ್ದಾರೆ, ಪರಿಹಾರವನ್ನೂ ಅವರೇ ಇಟ್ಟಿದ್ದಾರೆ. ಸಭಿಕರ ಬಾಯಿಂದ ಈ ಪ್ರಶ್ನೆ ಬಂದಿದ್ದರೆ ಉತ್ತರ ತಡವರಿಸುತ್ತಿತ್ತು, ಕೋಶಾಧಿಕಾರಿಯ ಮುಖ ಕೆಂಪಾಗುತ್ತಿತ್ತು.

7. ಪ್ರಶ್ನೆಗಳು

"ಒಟ್ಟು ಏತ್ ಆಪುಂಡು?" ಎಂದು ಹಿಂದಿನ ಬೆಂಚಿನಿಂದ ಒಬ್ಬರು ಮತ್ತೆ ಕೇಳುತ್ತಾರೆ, ಒಟ್ಟು ಎಷ್ಟಾಗುತ್ತದೆ ಎಂದು. ಬೇಸರಿಸದೆ ಮತ್ತೊಮ್ಮೆ ಹೇಳಿ. ಅವರಿಗೆ ಮೈಕಿನ ಮಾತು ಕೇಳಿಸಿರುವುದಿಲ್ಲ, ಅಷ್ಟೇ.

"ಊಟಕ್ಕೆ 12,000 ಯಾಕೆ?" ಎಂಬುದು ಬಂದೇ ಬರುತ್ತದೆ. 20 ಸ್ವಯಂಸೇವಕರಂತೆ ಎರಡು ಪಾಳಿಗೆ 40 ಜನ, ಎರಡು ದಿನ, ತಲಾ 150 ರೂಪಾಯಿ ಎಂದು ಬಿಡಿಸಿ ಹೇಳಿ. ಇಡೀ ಮೊತ್ತ ಹೇಳಿದರೆ ಅನುಮಾನ, ತಲೆಲೆಕ್ಕ ಹೇಳಿದರೆ ಒಪ್ಪಿಗೆ. ಯಾರಾದರೂ "ಒಂದು ಹೊತ್ತಿನ ಗಂಜಿ ಊಟ ನಮ್ಮ ಮನೆಯಿಂದ" ಎಂದು ಅಲ್ಲೇ ಹೇಳುವುದೂ ಉಂಟು. ಹೇಳಿದರೆ ಕೂಡಲೇ ಬರೆದುಕೊಂಡು, ಖರ್ಚಿನಿಂದ ಅಷ್ಟನ್ನು ಕಳೆದು, ಹೊಸ ಮೊತ್ತವನ್ನು ಸಭೆಗೆ ಓದಿ.

"ದುಡ್ಡು ಯಾರ ನಂಬರಿಗೆ ಹಾಕುವುದು?" ಎಂದು ಕೇಳಿದರೆ ಮಂಡಲದ ಖಾತೆಯ ಕ್ಯೂಆರ್ ಕೋಡ್ ಮಾತ್ರ ಕೊಡಿ. ಹುಡುಗರೊಬ್ಬರ ಸ್ವಂತ ನಂಬರಿಗೆ ಬಂದ ದೇಣಿಗೆ ಅವರ ಮನೆಯ ದುಡ್ಡಿನ ಜೊತೆ ಬೆರೆತುಹೋಗುತ್ತದೆ, ಯಾವುದು ಯಾರದ್ದೆಂದು ತಿಂಗಳ ನಂತರ ಬಿಡಿಸಲಾಗದು. ಆ ಹುಡುಗನ ಮೇಲೆ ಸುಮ್ಮನೆ ಅಪವಾದ ಬರುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಣಿಯಾದ ಮಂಡಲವಾದರೆ ಅದರ ಹೆಸರಿನಲ್ಲೇ ಖಾತೆ ತೆರೆಯಬಹುದು, ಇಬ್ಬರು ಪದಾಧಿಕಾರಿಗಳ ಜಂಟಿ ರುಜು ಇಡಬಹುದು. ನೋಂದಣಿ ಇಲ್ಲದಿದ್ದರೆ ಪಂದ್ಯಾಟಕ್ಕೆ ಮೊದಲು ಆ ಕೆಲಸ ಶುರುಮಾಡಿ.

8. ನಿರ್ಣಯ ಬರೆಸಿ, ಅದೇ ಕ್ರಮದಲ್ಲಿ ಲೆಕ್ಕ ಒಪ್ಪಿಸಿ

ಸಭೆ ಮುಗಿಯುವ ಮೊದಲು ನಡಾವಳಿ ಪುಸ್ತಕದಲ್ಲಿ ನಾಲ್ಕು ವಿಷಯ ಬರೆಸಿ, ಹಾಜರಿದ್ದವರ ರುಜು ತೆಗೆದುಕೊಳ್ಳಿ: ಒಪ್ಪಿದ ಒಟ್ಟು ಮೊತ್ತ, ನಿಲ್ಲಿಸುವ ದಿನ, ಕೊರತೆ ಬಿದ್ದರೆ ತುಂಬುವ ರೀತಿ, ಲೆಕ್ಕ ಒಪ್ಪಿಸುವ ದಿನ.

ಪಂದ್ಯಾಟ ಮುಗಿದು ಹದಿನೈದು ದಿನದೊಳಗೆ ಮತ್ತೆ ಸೇರಿ. ಬಜೆಟ್‌ನ ಅದೇ ಸಾಲುಗಳನ್ನು ಅದೇ ಕ್ರಮದಲ್ಲಿ ಇಟ್ಟು, ಅಂದಾಜು ಒಂದು ಬದಿ, ನಿಜವಾಗಿ ಆದದ್ದು ಇನ್ನೊಂದು ಬದಿ ಬರೆಯಿರಿ. ಸುಣ್ಣದ ಪುಡಿಯ 180 ರೂಪಾಯಿಯ ಚೀಟಿಯೂ ಫೈಲಿನಲ್ಲಿರಲಿ. ಚೀಟಿ ಸಿಗದ ಖರ್ಚಿಗೆ, ಉದಾಹರಣೆಗೆ ಟ್ರ್ಯಾಕ್ಟರಿನವರಿಗೆ ಕೈಯಲ್ಲಿ ಕೊಟ್ಟದ್ದಕ್ಕೆ, ವೋಚರ್ ಬರೆದು ಪಡೆದವರ ರುಜು ಹಾಕಿಸಿಕೊಳ್ಳಿ. ಆ ರುಜುವನ್ನು ಮೈದಾನದಲ್ಲೇ ತೆಗೆದುಕೊಳ್ಳಬೇಕು. ಟ್ರ್ಯಾಕ್ಟರ್ ಗದ್ದೆ ದಾಟಿ ರಸ್ತೆಗೆ ಹತ್ತಿದ ಮೇಲೆ ಅವರು ಮತ್ತೆ ಸಿಗುವುದು ಮುಂದಿನ ಬೇಸಾಯಕ್ಕೆ.